ಹಟ್ಟಿಗೆ ಹೋಗುತ್ತಿದ್ದ ಪುಸ್ತಕದ ಸೈಕಲ್ಲು

ತೊಂಬತ್ತರ ದಶಕದಲ್ಲಿ ನಮ್ಮ ಮಧುಗಿರಿ ಸೀಮೆಯ ಎಷ್ಟೋ ಶಾಲೆಗಳಲ್ಲಿ ಕಥೆ ಪುಸ್ತಕಗಳು ಇದ್ದವು. ಆದರೆ ಬೀರುವಿನೊಳಗೆ ಇದ್ದವು. ಕಳೆದುಹೋದರೆ ಲೆಕ್ಕ ಕೊಡುವವರು ಯಾರು ಎಂಬ ಹೆದರಿಕೆಗೆ ಬೀಗ ತೆಗೆಯುತ್ತಿರಲಿಲ್ಲ. ಸಾಕ್ಷರತಾ ಆಂದೋಲನದಲ್ಲಿ ಒಟ್ಟಿಗೆ ಓಡಾಡಿದ್ದ ನಾವು ನಾಲ್ಕೈದು ಜನ ಗೆಳೆಯರು ಆಗ ಒಂದು ಹಳೆಯ ಸೈಕಲ್ಲಿನ ಕ್ಯಾರಿಯರಿಗೆ ತಗಡಿನ ಟ್ರಂಕು ಕಟ್ಟಿಕೊಂಡು ಹಳ್ಳಿಗಳಿಗೆ ಹೊರಟೆವು.

ಟ್ರಂಕಿನಲ್ಲಿ ಎಂಬತ್ತರಷ್ಟು ಪುಸ್ತಕ ಹಿಡಿಯುತ್ತಿತ್ತು. ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳು, ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದವು, ಯಾರೋ ಕೊಟ್ಟ ಹಳೆಯ ಚಂದಮಾಮಗಳು. ತೆಳುವಾದ ಪುಸ್ತಕಗಳಾದ್ದರಿಂದ ಭಾರವೇನೂ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟದ್ದು ಪಿನ್ನುಗಳು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವು ತುಕ್ಕು ಹಿಡಿದು ನಡುವಿನ ಹಾಳೆ ಕಳಚಿಕೊಳ್ಳುತ್ತಿತ್ತು. ಹಾಗಾಗಿ ಹೊಸ ಪುಸ್ತಕ ಬಂದ ಕೂಡಲೇ ಪಿನ್ನು ಕಿತ್ತು, ಮೂರು ತೂತು ಮಾಡಿ, ಗಟ್ಟಿ ದಾರದಲ್ಲಿ ಹೊಲಿಯುವುದು ಮೊದಲ ಕೆಲಸವಾಯಿತು. ಹಿಂದಿನ ರಟ್ಟಿನ ಒಳಗೆ ಕಂದು ಕಾಗದದ ಜೇಬು ಅಂಟಿಸುವುದು ಎರಡನೆಯದು. ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕಬೇಕು, ಇಲ್ಲದಿದ್ದರೆ ಜಿರಲೆ ಅಂಟಿನ ಜೊತೆಗೆ ಕಾಗದವನ್ನೂ ತಿನ್ನುತ್ತದೆ. ಅದು ವಿಷವಾದ್ದರಿಂದ ಆ ಕೆಲಸಕ್ಕೆ ಮಕ್ಕಳನ್ನು ಸೇರಿಸುತ್ತಿರಲಿಲ್ಲ.

ಮೊದಮೊದಲು ಲೆಕ್ಕವೆಲ್ಲ ಒಂದು ನೋಟ್‌ಬುಕ್ಕಿನಲ್ಲಿತ್ತು. ಹೆಸರು, ಪುಸ್ತಕ, ತಾರೀಖು. ಗೊಲ್ಲರಹಟ್ಟಿಯೊಂದರಲ್ಲಿ ಮೂವತ್ತು ಮಕ್ಕಳು ಒಮ್ಮೆಗೇ ಮುತ್ತಿಕೊಂಡರೆ, ಒಬ್ಬರಿಗೆ ಒಂದು ನಿಮಿಷವೆಂದರೂ ಅರ್ಧ ಗಂಟೆ ಬರೆಯುವುದರಲ್ಲೇ ಹೋಗುತ್ತಿತ್ತು. ವಾಪಸು ತಂದವರ ಹೆಸರು ಹುಡುಕಿ ಹೊಡೆದುಹಾಕಲು ಹಿಂದಿನ ವಾರಗಳ ಪುಟಗಳನ್ನೆಲ್ಲ ತಿರುವಬೇಕು. ಅಷ್ಟರಲ್ಲಿ ಕುರಿ ಮನೆಗೆ ಬರುವ ಹೊತ್ತಾಗಿ ಅರ್ಧದಷ್ಟು ಮಕ್ಕಳು ಎದ್ದು ಓಡಿರುತ್ತಿದ್ದರು. ಕಥೆ ಓದಿ ಹೇಳಲು ಬಂದ ನಾವು ಗುಮಾಸ್ತರಾಗಿ ಕೂತಿದ್ದೆವು.

ಕಾರ್ಡಿನ ದಾರಿ ಹೇಳಿಕೊಟ್ಟವರು ನಿವೃತ್ತರಾಗಿದ್ದ ಒಬ್ಬ ಗ್ರಂಥಪಾಲಕರು. ಗ್ರಂಥಾಲಯದವರು ಅದಕ್ಕೆ ಬ್ರೌನ್ ಪದ್ಧತಿ ಎನ್ನುತ್ತಾರೆ. ನೀನಾ ಬ್ರೌನ್ ಎಂಬ ಅಮೆರಿಕದ ಗ್ರಂಥಪಾಲಕಿಯ ಹೆಸರಿನದು. ಪ್ರತಿ ಪುಸ್ತಕದ ಜೇಬಿನಲ್ಲಿ ಆ ಪುಸ್ತಕದ ಹೆಸರು, ನಂಬರು ಬರೆದ ಒಂದು ಕಾರ್ಡು. ಪ್ರತಿ ಮಗುವಿಗೆ ಒಂದು ಪುಟ್ಟ ಲಕೋಟೆ, ಅದರ ಮೇಲೆ ಮಗುವಿನ ಹೆಸರು. ಪುಸ್ತಕ ಕೊಡುವಾಗ ಕಾರ್ಡು ತೆಗೆದು ಮಗುವಿನ ಲಕೋಟೆಗೆ ಹಾಕಿ, ಲಕೋಟೆಯನ್ನು ಬಿಸ್ಕತ್ತಿನ ರಟ್ಟಿನ ಡಬ್ಬದಲ್ಲಿ ಆ ಊರಿನ ಸಾಲಿಗೆ ಸೇರಿಸಿದರೆ ಮುಗಿಯಿತು. ವಾಪಸು ಬಂದಾಗ ಕಾರ್ಡು ಮತ್ತೆ ಪುಸ್ತಕದ ಜೇಬಿಗೆ. ಕಾರ್ಡಿಗೆ ದುಡ್ಡು ಕೊಟ್ಟವರಲ್ಲ ನಾವು. ಹಳೆಯ ಲಗ್ನಪತ್ರಿಕೆಗಳ ಬಿಳಿಯ ಬೆನ್ನೇ ಸಾಕಾಗುತ್ತಿತ್ತು.

ದೊಡ್ಡ ಗ್ರಂಥಾಲಯದಲ್ಲಿ ಈ ಲಕೋಟೆಗಳನ್ನು ವಾಯಿದೆ ತಾರೀಖಿನ ಪ್ರಕಾರ ಜೋಡಿಸುತ್ತಾರೆ. ನಮಗೆ ಅದು ಒಗ್ಗಲಿಲ್ಲ. ನಾವು ಹೋಗುವುದೇ ವಾರಕ್ಕೊಮ್ಮೆ, ಮಕ್ಕಳಿಗೆ ತಾರೀಖಿಗಿಂತ ಸಂತೆಯ ದಿನ ನೆನಪಿರುತ್ತಿತ್ತು. ‘ಸಂತೆ ಮಾರನೇ ದಿನ ಬರ್ತೀವಿ’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಹೆಸರಿನದು ಬೇರೆ ಸಮಸ್ಯೆ. ಒಂದೇ ಹಟ್ಟಿಯಲ್ಲಿ ಮೂವರು ಮಂಜುನಾಥ, ಇಬ್ಬರು ಚಿಕ್ಕಮ್ಮ. ಅಪ್ಪನ ಹೆಸರು ಬರೆದರೂ ಗೊಂದಲ, ಅಪ್ಪಂದಿರೂ ಒಂದೇ ಹೆಸರಿನವರು! ಕೊನೆಗೆ ‘ಬಾವಿ ಮನೆ ಮಂಜ’, ‘ಡ್ರೈವರಣ್ಣನ ಮಂಜ’ ಎಂದು ಊರವರು ಕರೆಯುವಂತೆಯೇ ಬರೆದೆವು. ತಂಗಿಯ ಪುಸ್ತಕವನ್ನು ಅಣ್ಣ ತಂದುಕೊಟ್ಟರೂ ಲಕೋಟೆ ತಕ್ಷಣ ಸಿಗತೊಡಗಿದ್ದು ಆಮೇಲೆ.

ಆ ಪದ್ಧತಿಗೆ ನಾವು ಒಂದು ಸೇರಿಸಿದೆವು. ಪುಸ್ತಕ ಒಯ್ಯುವ ಮಗು ಕಾರ್ಡಿನ ಮೇಲೆ ತನ್ನ ಹೆಸರನ್ನು ತಾನೇ ಬರೆಯಬೇಕು, ಹಿಂದೆ ಓದಿದವರ ಹೆಸರಿನ ಕೆಳಗೆ. ಲೆಕ್ಕಕ್ಕೆಂದು ಮಾಡಿದ್ದು, ಆದರೆ ಮಕ್ಕಳು ಅದನ್ನು ಬೇರೆಯದಕ್ಕೇ ಬಳಸಿದರು. ಮೂರನೇ ಕ್ಲಾಸಿನ ಒಬ್ಬಳು ಹುಡುಗಿ ಪುಸ್ತಕದ ಚಿತ್ರವನ್ನೂ ನೋಡದೆ ನೇರವಾಗಿ ಹಿಂದಿನ ರಟ್ಟು ತೆರೆದು, ಕಾರ್ಡು ಎಳೆದು, ಬೆರಳಿಟ್ಟು ಓದುತ್ತಿದ್ದಳು. ‘ಗಿರಿಜಾ ಓದವ್ಳೆ, ಸುಧಾನೂ ಓದವ್ಳೆ. ಸಾರ್, ಇದು ನಂಗಿರ್ಲಿ’ ಎಂದು ಎದೆಗೊತ್ತಿಕೊಂಡು ಹೋದಳು. ಅಲ್ಲಿಂದಾಚೆ ನೋಡಿದರೆ ಎಲ್ಲರೂ ಹಾಗೆಯೇ ಆರಿಸುತ್ತಿದ್ದರು. ಯಾವ ಪುಸ್ತಕ ಒಳ್ಳೆಯದೆಂದು ನಾವು ಎಷ್ಟು ಹೇಳಿದರೂ ಗೆಳತಿಯ ಕೈಬರಹದಷ್ಟು ನಾಟುತ್ತಿರಲಿಲ್ಲ. ಒಂದೂ ಹೆಸರಿಲ್ಲದೆ ಬಿಳುಪಾಗಿ ಉಳಿದ ಕಾರ್ಡುಗಳನ್ನು ವರ್ಷಕ್ಕೊಮ್ಮೆ ತೆಗೆದು ನೋಡಿದರೆ, ಬಹುಪಾಲು ಸಣ್ಣಕ್ಷರದ, ನೀತಿಬೋಧೆಯ ಪುಸ್ತಕಗಳು. ಮುಂದಿನ ಖರೀದಿಗೆ ಅದೇ ನಮಗೆ ದಾರಿ ತೋರಿಸಿತು.

ವಾಪಸು ಬಾರದ ಪುಸ್ತಕದ ಸುಳಿವೂ ಆ ಡಬ್ಬದಲ್ಲೇ ಇತ್ತು. ಒಂದು ವಾರ ತಪ್ಪಿದರೆ ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನ ಒಂದು ಗೀಟು. ಮೂರು ಗೀಟಾದರೆ ಮನೆಗೆ ಹೋಗಿ ವಿಚಾರಿಸುವುದು. ದಂಡ ಹಾಕುತ್ತಿರಲಿಲ್ಲ. ಐದು ರೂಪಾಯಿ ದಂಡ ಎಂದರೆ ಆ ಮಗು ಮತ್ತೆ ನಮ್ಮ ಟ್ರಂಕಿನ ಹತ್ತಿರ ಸುಳಿಯುವುದಿಲ್ಲ, ಮನೆಯಲ್ಲಿ ಪುಸ್ತಕ ಮುಟ್ಟಲೂ ಬಿಡುವುದಿಲ್ಲ. ಒಂದು ಸಲ ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ಒಂದೇ ಕೇರಿಯ ಆರು ಲಕೋಟೆಗಳಿಗೆ ಮೂರು ಗೀಟು ಬಿದ್ದವು. ಹೋಗಿ ನೋಡಿದರೆ ಮನೆಗಳಿಗೆ ಬೀಗ. ಗಾರೆ ಕೆಲಸಕ್ಕೆಂದು ಎಲ್ಲರೂ ಬೆಂಗಳೂರಿಗೆ ಹೋಗಿದ್ದರು. ಲಕೋಟೆಗಳನ್ನು ಹರಿಯದೆ ಹಾಗೆಯೇ ಇಟ್ಟೆವು. ಯುಗಾದಿಗೆ ಊರಿಗೆ ಬಂದಾಗ ನಾಲ್ಕು ಪುಸ್ತಕ ಹಿಂದಕ್ಕೆ ಬಂದವು, ಒಂದರ ರಟ್ಟಿಗೆ ಸಿಮೆಂಟು ಮೆತ್ತಿತ್ತು. ಶಾಲೆಯ ಹಾಜರಿಯಲ್ಲಿ ಆ ಮಕ್ಕಳ ಹೆಸರು ಇನ್ನೂ ಇದ್ದಾಗ ಅವರು ಊರು ಬಿಟ್ಟಿದ್ದು ನಮಗೆ ತಿಳಿದದ್ದು ಲಕೋಟೆಯ ಗೀಟುಗಳಿಂದ.

ಆಮೇಲೆ ವ್ಯಾನು ಬಂತು, ದಾನಿಗಳೊಬ್ಬರ ಕೃಪೆ. ಸಾವಿರಕ್ಕೂ ಮೀರಿ ಪುಸ್ತಕ, ಅಷ್ಟರಲ್ಲಿ ಪ್ರಥಮ್ ಬುಕ್ಸ್‌ನವರ ಬಣ್ಣದ ಪುಸ್ತಕಗಳೂ ಬಂದಿದ್ದವು. ಮಕ್ಕಳಿಗೆ ಹಬ್ಬವೇ ಆಯಿತು ನಿಜ. ಆದರೆ ವ್ಯಾನಿಗೆ ಡೀಸೆಲ್ ಬೇಕು, ಡ್ರೈವರ್ ಬೇಕು, ಟಾರು ರಸ್ತೆ ಬೇಕು. ದಿನಕ್ಕೆ ಆರು ಊರು ಮುಗಿಸಬೇಕಾದ್ದರಿಂದ ಒಂದು ಊರಿಗೆ ನಲವತ್ತು ನಿಮಿಷ. ಕಾಲುದಾರಿಯ ಹಟ್ಟಿಗಳು ಪಟ್ಟಿಯಿಂದ ತಾವಾಗಿಯೇ ಬಿದ್ದುಹೋದವು. ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಯಿತು. ತಿಂಗಳಲ್ಲಿ ಮಗು ಪುಸ್ತಕವನ್ನೂ ಮರೆಯುತ್ತದೆ, ವ್ಯಾನಿನ ದಿನವನ್ನೂ ಮರೆಯುತ್ತದೆ. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಹೊರಟ ಸಂಚಾರಿ ಗ್ರಂಥಾಲಯ ಎತ್ತಿನ ಗಾಡಿಯದು. ಗಾಡಿ ಹೋಗುವ ದಾರಿಯಲ್ಲೆಲ್ಲ ಅದು ಹೋಗಬಲ್ಲುದಾಗಿತ್ತು. ನಮ್ಮ ವ್ಯಾನು ಹೋಗಬಲ್ಲದ್ದು ಅದಕ್ಕಿಂತ ಕಡಿಮೆ ಊರಿಗೆ.

ಈಗ ಪಂಚಾಯಿತಿ ಗ್ರಂಥಾಲಯಗಳ ಸ್ಥಿತಿ ಎಷ್ಟೋ ಸುಧಾರಿಸಿದೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರಲ್ಲಿ ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಗ್ರಂಥಾಲಯವಿರುವ ಊರಿನ ಮಕ್ಕಳಿಗೆ ಇದರಿಂದ ದೊಡ್ಡ ಅನುಕೂಲ. ಮೂರು ಕಿಲೋಮೀಟರು ಆಚೆಯ ಹಟ್ಟಿಯ ಎಂಟು ವರ್ಷದ ಮಗು ಸಂಜೆ ಒಂಟಿಯಾಗಿ ಅಲ್ಲಿಗೆ ನಡೆದು ಹೋಗುವುದಿಲ್ಲ.

ನಮ್ಮ ಹಟ್ಟಿಗಳಿಗೆ ಸದ್ಯ ಟ್ರಂಕು ಮಾತ್ರ ಹೋಗುತ್ತದೆ, ಬೈಕಿನ ಮೇಲೆ. ನಲವತ್ತು ಪುಸ್ತಕ, ಕಾರ್ಡಿನ ಡಬ್ಬ, ಒಂದು ಪೆನ್ಸಿಲು. ಡಿಗ್ರಿ ಓದುತ್ತಿರುವ ಹುಡುಗಿಯೊಬ್ಬಳು ತನ್ನ ಮನೆಯ ಜಗಲಿಯ ಮೇಲೆ ದಿನಾ ಸಂಜೆ ಅದನ್ನು ತೆರೆದಿಡುತ್ತಾಳೆ, ನಾವು ತಿಂಗಳಿಗೊಮ್ಮೆ ಟ್ರಂಕು ಬದಲಾಯಿಸುತ್ತೇವೆ. ಕಾರ್ಡು ತೆಗೆದು ಲಕೋಟೆಗೆ ಹಾಕುವ ಕೆಲಸವನ್ನು ಅವಳು ಐದನೇ ಕ್ಲಾಸಿನ ಮಕ್ಕಳಿಗೇ ಸರದಿಯ ಮೇಲೆ ವಹಿಸಿದ್ದಾಳೆ. ಹೋದ ತಿಂಗಳು ಟ್ರಂಕಿನೊಳಗೆ ಚೀಟಿ ಇಟ್ಟಿದ್ದಳು: ಒಂದನೇ, ಎರಡನೇ ಕ್ಲಾಸಿನವರು ಹೆಚ್ಚು ಬರುತ್ತಿದ್ದಾರೆ, ದೊಡ್ಡಕ್ಷರದ ಪುಸ್ತಕ ಇನ್ನೂ ಹತ್ತು ಬೇಕು.