ಎರಡು ಅಂಕದ ಪ್ರಶ್ನೆ



ಕಳೆದ ಭಾನುವಾರ ನನ್ನ ತಂಗಿಯ ಮೊಮ್ಮಗಳು ಮಲ್ಲೇಶ್ವರದಿಂದ ಬಸವನಗುಡಿಯ ನಮ್ಮ ಮನೆಗೆ ಬಂದಿದ್ದಳು. ಬಿಸಿಎ ಓದುತ್ತಿರುವ ಹುಡುಗಿ. ಕೈಯಲ್ಲಿ ಕಿರುಪರೀಕ್ಷೆಯ ಉತ್ತರಪತ್ರಿಕೆ, ಮುಖದಲ್ಲಿ ಅಸಮಾಧಾನ. "ತಾತ, ಪ್ರೋಗ್ರಾಂಗಳೆಲ್ಲ ಸರಿಯಾಗಿ ಬರೆದಿದ್ದೀನಿ. ಈ ಥಿಯರಿ ಪ್ರಶ್ನೆಗಳಲ್ಲೇ ಅಂಕ ಹೋಗಿದೆ. ನೀವೇ ನೋಡಿ, ಏನು ತಪ್ಪು ಅಂತ" ಎಂದಳು. ನೋಡಿದೆ. ಕಂಪೈಲರಿಗೂ ಇಂಟರ್‌ಪ್ರಿಟರಿಗೂ ಇರುವ ವ್ಯತ್ಯಾಸ, ಎರಡು ಅಂಕ. ಸ್ಟ್ಯಾಕಿಗೂ ಹೀಪಿಗೂ ಇರುವ ವ್ಯತ್ಯಾಸ, ಮೂರು ಅಂಕ. ಮೊದಲನೆಯದನ್ನು ಓದುತ್ತಿದ್ದಂತೆಯೇ ಇಪ್ಪತ್ತೈದು ವರ್ಷಕ್ಕೂ ಹಿಂದಿನ ಇನ್ನೊಂದು ಉತ್ತರಪತ್ರಿಕೆ ನೆನಪಿಗೆ ಬಂದು ಮನಸ್ಸು ಸ್ವಲ್ಪ ಮುದುಡಿತು. ಆ ಸಂಗತಿಯನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ಯಂತ್ರದ ಕಥೆ ಹೇಳಬೇಕು.

ನಾನು ಮೂಲತಃ ಗಣಿತದ ಮೇಷ್ಟ್ರು. ಕೇಂದ್ರ ಸರ್ಕಾರವು 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಗಣಕಯಂತ್ರಗಳನ್ನು ಕೊಟ್ಟಿತು. ಅವುಗಳಲ್ಲಿ ಕೆಲವು ನಮ್ಮ ಪ್ರಯೋಗಾಲಯಕ್ಕೂ ಬಂದವು. ಗಣಿತದವರಿಗೆ ಇದು ತಿಳಿದೀತೆಂದು ಅವನ್ನು ನನಗೆ ಒಪ್ಪಿಸಿದರು. ಮೂವತ್ತೆರಡು ಕೆಬಿ ಸ್ಮೃತಿಯ ಯಂತ್ರ ಅದು. ಬೇಸಿಕ್ ಭಾಷೆಯ ಇಂಟರ್‌ಪ್ರಿಟರ್ ಅದರೊಳಗಿನ ಒಂದು ಚಿಪ್ಪಿನಲ್ಲೇ ಕುಳಿತಿರುತ್ತಿತ್ತು. ಸ್ವಿಚ್ ಹಾಕಿದ ಕ್ಷಣದಿಂದ ಅದು ನಮ್ಮೊಡನೆ ಮಾತಿಗೆ ಸಿದ್ಧ. ಅದರ ಮೇಲೆ ಹುಡುಗರು ಬರೆಯುತ್ತಿದ್ದ ತಪ್ಪು ಪ್ರೋಗ್ರಾಂ ಹೀಗಿರುತ್ತಿತ್ತು:

```basic
10 PRINT "ONE"
20 PRINT "TWO"
30 PRNT "THREE"
```

ಓಡಿಸಿದರೆ ಮೊದಲು `ONE`, ಆಮೇಲೆ `TWO` ಪರದೆಯ ಮೇಲೆ ಬರುತ್ತಿದ್ದವು. ಅನಂತರ `Mistake at line 30` ಎಂದು ಯಂತ್ರ ನಿಲ್ಲುತ್ತಿತ್ತು. ಮೂರನೆಯ ಸಾಲಿನಲ್ಲಿ ಅಕ್ಷರ ತಪ್ಪಿದೆಯೆಂಬುದು ಅಲ್ಲಿಗೆ ತಲಪುವವರೆಗೆ ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. "ಇಂಟರ್‌ಪ್ರಿಟರ್ ಸಾಲು ಸಾಲಾಗಿ ಅನುವಾದಿಸುತ್ತದೆ, ಕಂಪೈಲರ್ ಇಡೀ ಪ್ರೋಗ್ರಾಮನ್ನು ಒಮ್ಮೆಗೇ ಅನುವಾದಿಸುತ್ತದೆ" ಎಂಬ ಪಠ್ಯಪುಸ್ತಕದ ವಾಕ್ಯವು ಇಂಥ ಯಂತ್ರಗಳಿಗೆ ಹೇಳಿ ಮಾಡಿಸಿದಂತಿತ್ತು. ನಾನು ಅದನ್ನು ಕಪ್ಪುಹಲಗೆಯ ಮೇಲೆ ಎಷ್ಟು ವರ್ಷ ಬರೆದೆನೋ ಲೆಕ್ಕವಿಲ್ಲ.

ಈಗ ಆ ಪ್ರಸಂಗ. 1998ರ ಪೂರ್ವಸಿದ್ಧತಾ ಪರೀಕ್ಷೆ. ಆ ವೇಳೆಗೆ ನಾನು ಪಿಯುಸಿ ವಿಭಾಗದಲ್ಲೂ ಗಣಕ ವಿಜ್ಞಾನದ ಪಾಠ ಮಾಡುತ್ತಿದ್ದೆ. ಇದೇ ಪ್ರಶ್ನೆ, ಇದೇ ಎರಡು ಅಂಕ. ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಬರೆದಿದ್ದುದರ ಸಾರಾಂಶ ಇಷ್ಟು: ಪ್ರೋಗ್ರಾಂ ಓಡುವಾಗ ಕಂಪೈಲರ್ ಇರಬೇಕಾಗಿಲ್ಲ, ಇಂಟರ್‌ಪ್ರಿಟರ್ ಇರಲೇಬೇಕು. ಅಷ್ಟೇ, ಒಂದೇ ವಾಕ್ಯ. ನನ್ನ ಮೌಲ್ಯಮಾಪನದ ಕೀಲಿಯಲ್ಲಿ 'ಇಡೀ' ಮತ್ತು 'ಸಾಲು ಸಾಲಾಗಿ' ಎಂಬ ಪದಗಳಿದ್ದವು. ಅವನ ಉತ್ತರದಲ್ಲಿ ಎರಡೂ ಇರಲಿಲ್ಲ. ಕೆಂಪು ಮಸಿಯಲ್ಲಿ ಸೊನ್ನೆ ಹಾಕಿದೆ. ಅವನು ಸಿಬ್ಬಂದಿ ಕೊಠಡಿಗೆ ಬಂದು, "ಸಾರ್, ಇದು ತಪ್ಪಾ?" ಎಂದು ಕೇಳಿದ. "ಪುಸ್ತಕದಲ್ಲಿರೋದನ್ನ ಬರಿಯಪ್ಪ" ಎಂದುಬಿಟ್ಟೆ. ಅವನು ವಾದಿಸಲಿಲ್ಲ, ಪತ್ರಿಕೆಯನ್ನು ಮಡಿಸಿಕೊಂಡು ಹೊರಟುಹೋದ.

ಅವನು ಹೇಳಿದ್ದೇ ಮೂಲ ವ್ಯತ್ಯಾಸ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಆಗ ನಾವು ಟರ್ಬೊ ಸಿ++ ಬಳಸುತ್ತಿದ್ದೆವು. ಅದು ತಯಾರಿಸಿದ `.exe` ಕಡತವನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಚಾಮರಾಜಪೇಟೆಯ ಗೆಳೆಯನ ಮನೆಗೆ ಒಯ್ದರೆ, ಅವನ ಯಂತ್ರದಲ್ಲಿ ಟರ್ಬೊ ಸಿ++ ಇಲ್ಲದಿದ್ದರೂ ಓಡುತ್ತಿತ್ತು. ಬೇಸಿಕ್ ಪ್ರೋಗ್ರಾಮನ್ನು ಕ್ಯಾಸೆಟ್ಟಿನಲ್ಲಿ ಒಯ್ದರೆ ಅಲ್ಲಿ ಆ ಬೇಸಿಕ್ ಇರಲೇಬೇಕಿತ್ತು. ಅನುವಾದಗೊಂಡ ಪುಸ್ತಕವನ್ನು ಓದುವಾಗ ಅನುವಾದಕರು ಪಕ್ಕದಲ್ಲಿ ಕೂರಬೇಕಿಲ್ಲ; ಆದರೆ ದುಭಾಷಿಯಿಲ್ಲದೆ ಪರದೇಶದ ಅತಿಥಿಯ ಭಾಷಣ ನಡೆಯದು. ಇಡೀ ಒಮ್ಮೆಗೆ, ಒಂದೊಂದಾಗಿ ಎಂಬುದೂ, ಒಂದು ವೇಗ ಇನ್ನೊಂದು ನಿಧಾನ ಎಂಬುದೂ, ತಪ್ಪುಗಳ ಪಟ್ಟಿ ಒಟ್ಟಿಗೆ ಬರುವುದೋ ಮೊದಲ ತಪ್ಪಿಗೇ ನಿಲ್ಲುವುದೋ ಎಂಬುದೂ ಇದರಿಂದಲೇ ಹುಟ್ಟುವ ಪರಿಣಾಮಗಳು.

ನನ್ನ ಮೊಮ್ಮಗಳಿಗೆ ಸಿಕ್ಕಿದ್ದು ಒಂದು ಅಂಕ. ಅವಳು 'ಸಾಲು ಸಾಲಾಗಿ' ಎಂದು ಬರೆದು, ಉದಾಹರಣೆಗೆ ಪೈಥಾನ್ ಎಂದು ಸೇರಿಸಿ, "ಮೂರನೇ ಸಾಲಿನಲ್ಲಿ ಸಿಂಟ್ಯಾಕ್ಸ್ ತಪ್ಪಿದ್ದರೂ ಮೊದಲೆರಡು ಸಾಲು ಓಡುತ್ತವೆ" ಎಂದು ವಿವರಿಸಿದ್ದಳು. ಅಂಕ ಹೋದದ್ದು ಆ ವಿವರಣೆಯಲ್ಲಿ. ಅವಳ ಲ್ಯಾಪ್‌ಟಾಪಿನಲ್ಲೇ ಒಂದು ಕಡತ ಮಾಡಿಸಿ ಓಡಿಸಿ ನೋಡಿದೆವು:

```python
print("ONE")
print("TWO")
prnt "THREE"
```

ಪರದೆಯ ಮೇಲೆ `ONE` ಕೂಡ ಬರಲಿಲ್ಲ. ನೇರವಾಗಿ `SyntaxError`. ಏಕೆಂದರೆ ಪೈಥಾನ್ ಮೊದಲು ಇಡೀ ಕಡತವನ್ನು ಓದಿ, ವ್ಯಾಕರಣ ಪರೀಕ್ಷಿಸಿ, ಬೈಟ್‌ಕೋಡ್ ಎಂಬ ನಡುವಣ ರೂಪಕ್ಕೆ ತರುತ್ತದೆ. ಆಮೇಲೆ ಆ ರೂಪವನ್ನು ಒಂದೊಂದು ಹೆಜ್ಜೆಯಾಗಿ ನಡೆಸುತ್ತದೆ. ಮೂರನೆಯ ಸಾಲನ್ನು `prnt("THREE")` ಎಂದು ತಿದ್ದಿಸಿದೆ. ಈಗ ವ್ಯಾಕರಣ ಸರಿ, ಹೆಸರು ಮಾತ್ರ ತಪ್ಪು. ಈ ಬಾರಿ `ONE`, `TWO` ಎರಡೂ ಬಂದವು, ಅನಂತರ `NameError`. ಅಂದರೆ ನನ್ನ ಹಳೆಯ ವಾಕ್ಯ ಪೈಥಾನಿಗೆ ಅರ್ಧ ಮಾತ್ರ ನಿಜ. ಹುಡುಗಿ ಕಣ್ಣರಳಿಸಿ, "ಹಾಗಾದ್ರೆ ಪುಸ್ತಕ ತಪ್ಪಾ ತಾತ?" ಎಂದಳು. ಪುಸ್ತಕ ತಪ್ಪಲ್ಲ, ಅದರ ವಯಸ್ಸು ನನ್ನಷ್ಟಾಗಿದೆ ಎಂದೆ.

ಹಾಗೆಂದು ಪರೀಕ್ಷೆಯಲ್ಲಿ ಬೈಟ್‌ಕೋಡಿನ ಪುರಾಣ ಬರೆಯಲು ಎರಡು ಅಂಕದಲ್ಲಿ ಜಾಗವಿಲ್ಲ. ಮೌಲ್ಯಮಾಪಕರ ಕೀಲಿಗೂ ಸಲ್ಲಬೇಕು, ಸುಳ್ಳೂ ಆಗಬಾರದು. ಇಬ್ಬರೂ ಕುಳಿತು ಹೀಗೆ ಬರೆದೆವು: "ಕಂಪೈಲರ್ ಇಡೀ ಮೂಲ ಪ್ರೋಗ್ರಾಮನ್ನು ಓಡಿಸುವ ಮೊದಲೇ ಅನುವಾದಿಸಿ ಬೇರೆ ಕಡತವಾಗಿ ಕೊಡುತ್ತದೆ, ಆದ್ದರಿಂದ ಓಡಿಸುವಾಗ ಕಂಪೈಲರ್ ಬೇಕಿಲ್ಲ. ಇಂಟರ್‌ಪ್ರಿಟರ್ ಹೇಳಿಕೆಗಳನ್ನು ಒಂದೊಂದಾಗಿ ತಾನೇ ನಡೆಸುತ್ತದೆ. ಆದ್ದರಿಂದ ಪ್ರತಿ ಸಲ ಓಡಿಸುವಾಗಲೂ ಅದು ಇರಬೇಕು." ಎರಡೂ ಕಡೆ ಒಂದೇ ಪ್ರಶ್ನೆಗೆ ಉತ್ತರವಿದೆ: ಓಡುವಾಗ ಯಾರು ಇರಬೇಕು? ಹುಡುಗರು ಸಾಮಾನ್ಯವಾಗಿ ಎಡಗಡೆ ವೇಗದ ಮಾತು ಬರೆದು ಬಲಗಡೆ ತಪ್ಪು ಹುಡುಕುವ ಮಾತು ಬರೆಯುತ್ತಾರೆ. ಎರಡೂ ನಿಜವಿರಬಹುದು, ಆದರೆ ಅಲ್ಲಿ ವ್ಯತ್ಯಾಸವೇ ಇಲ್ಲ. ಪತ್ರಿಕೆ ತಿದ್ದುವಾಗ ಇಂಥ ಜೋಡಿಗೆ ಅರ್ಧ ಅಂಕ ಕೊಡುವುದಕ್ಕೂ ನನ್ನ ಕೈ ತಡೆಯುತ್ತಿತ್ತು.

ಎರಡನೆಯ ಉತ್ತರದಲ್ಲಿ ಆದದ್ದು ಇದೇ, ಇನ್ನೂ ಜೋರಾಗಿ. "ಸ್ಟ್ಯಾಕ್‌ನಲ್ಲಿ ಕೊನೆಗೆ ಬಂದದ್ದು ಮೊದಲು ಹೋಗುತ್ತದೆ, ಹೀಪ್ ಎಂದರೆ ಮರದಂಥ ರಚನೆ, ಅತಿ ದೊಡ್ಡ ಸಂಖ್ಯೆ ಮೇಲಿರುತ್ತದೆ" ಎಂದು ಬರೆದು ಸೊಗಸಾದ ಮರದ ಚಿತ್ರವನ್ನೂ ಹಾಕಿದ್ದಳು. ಪ್ರಶ್ನೆಯಲ್ಲಿದ್ದದ್ದು 'ಸ್ಮೃತಿ ಹಂಚಿಕೆಯಲ್ಲಿ' ಎಂಬ ಮಾತು. ಹೀಪ್ ಎಂಬ ಹೆಸರಿನ ದತ್ತಾಂಶ ರಚನೆ ಬೇರೆ, ಹೀಪ್ ಎಂದು ಕರೆಯುವ ಸ್ಮೃತಿಯ ಪ್ರದೇಶ ಬೇರೆ, ಹೆಸರೊಂದೇ, ನೆಂಟಸ್ತನವಿಲ್ಲ. ಸ್ಟ್ಯಾಕಿನಲ್ಲಿ ಹಾಗಲ್ಲ, ಆ ಪ್ರದೇಶವು ನಿಜಕ್ಕೂ ಕೊನೆಗೆ ಬಂದದ್ದು ಮೊದಲು ಹೋಗುವ ಕ್ರಮದಲ್ಲೇ ಕೆಲಸ ಮಾಡುತ್ತದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಬಡಿಸುವವರು ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವುದನ್ನು ನೀವೆಲ್ಲ ನೋಡಿದ್ದೀರಿ. ಮೇಲಿನ ತಟ್ಟೆಯೇ ಮೊದಲು ಇಳಿಯಬೇಕು.

ಇಲ್ಲಿ ಎರಡೂ ಕಡೆಗೆ ಕೇಳಬೇಕಾದ ಒಂದೇ ಪ್ರಶ್ನೆ: ಜಾಗವನ್ನು ಹಿಂದಕ್ಕೆ ಕೊಡುವವರು ಯಾರು, ಯಾವಾಗ? ಸಿ++ನಲ್ಲಿ ಇಷ್ಟು ಸಾಕು:

```cpp
void f() {
    int a = 10;
    int *p = new int(20);
}
```

`a` ಇರುವುದು ಸ್ಟ್ಯಾಕಿನಲ್ಲಿ. `p` ಕೂಡ ಸ್ಟ್ಯಾಕಿನಲ್ಲೇ. ಬಹುಪಾಲು ಹುಡುಗರು ತಪ್ಪುವುದು ಇಲ್ಲೇ. ಪಾಯಿಂಟರ್ ಕಂಡೊಡನೆ ಅದೇ ಹೀಪಿನಲ್ಲಿದೆ ಎನ್ನುತ್ತಾರೆ. ಹೀಪಿನಲ್ಲಿರುವುದು `new` ಪಡೆದುಕೊಂಡ ಜಾಗ, ಅದರಲ್ಲಿರುವ 20. `p` ಎಂಬುದು ಆ ಜಾಗದ ವಿಳಾಸ ಮಾತ್ರ. `f` ಮುಗಿದೊಡನೆ `a`, `p` ಎರಡೂ ತಾವಾಗಿಯೇ ಹೋಗುತ್ತವೆ. 20 ಹೋಗುವುದಿಲ್ಲ, ಏಕೆಂದರೆ `delete p;` ಎಂದು ಯಾರೂ ಹೇಳಲಿಲ್ಲ.

ಅವಳಿಗೆ ಇದು ಹಿಡಿಸಲಿಲ್ಲ. "ವಿಳಾಸ ಹೋದ ಮೇಲೆ ಅದು ಇದ್ದರೇನು, ಬಿಟ್ಟರೇನು?" ಎಂದಳು. ದೊಡ್ಡ ದೇವಸ್ಥಾನಗಳ ಬಾಗಿಲಲ್ಲಿ ಚಪ್ಪಲಿ ಬಿಡುವ ಸ್ಟ್ಯಾಂಡಿನಲ್ಲಿ ಟೋಕನ್ ಕೊಡುತ್ತಾರಲ್ಲ, ಅದನ್ನು ನೆನಪಿಸಿದೆ. ಟೋಕನ್ ನಿನ್ನ ಜೇಬಿನಲ್ಲಿ, ಚಪ್ಪಲಿ ಅವರ ಗೂಡಿನಲ್ಲಿ. ಟೋಕನ್ ಕಳೆದುಕೊಂಡು ಬರಿಗಾಲಲ್ಲಿ ಮನೆಗೆ ಹೋದರೆ ಚಪ್ಪಲಿ ಮಾಯವಾಗುವುದಿಲ್ಲ. ಗೂಡು ತುಂಬಿಯೇ ಇರುತ್ತದೆ, ಬೇರೆಯವರಿಗೆ ಸಿಗುವುದಿಲ್ಲ, ನಿನಗೂ ಸಿಗುವುದಿಲ್ಲ. ಪೂರ್ಣಾಂಕಕ್ಕೆ ನಾಲ್ಕು ಬೈಟ್ ಹಿಡಿದರೆ, `f` ಅನ್ನು ಸಾವಿರ ಸಲ ಕರೆದಾಗ ಕನಿಷ್ಠ ನಾಲ್ಕು ಸಾವಿರ ಬೈಟಿನ ಗೂಡುಗಳು ಹೀಗೆ ಬೀಗ ಬಿದ್ದಂತಾಗುತ್ತವೆ. ಪ್ರೋಗ್ರಾಂ ಮುಗಿದಾಗ ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ವಾಪಸು ಪಡೆಯುತ್ತದೆ. ಆದರೆ ತಿಂಗಳುಗಟ್ಟಲೆ ನಿಲ್ಲದೆ ಓಡುವ ಪ್ರೋಗ್ರಾಂಗಳು ಇರುತ್ತವಲ್ಲ, ತೊಂದರೆ ಅಲ್ಲಿ.

ಸ್ಟ್ಯಾಕ್ ವೇಗ, ಹೀಪ್ ನಿಧಾನ ಎಂದು ಸುಮ್ಮನೆ ಬರೆಯುವುದಕ್ಕಿಂತ ಕಾರಣವನ್ನು ಒಂದು ಸಾಲಿನಲ್ಲಿ ಸೇರಿಸಿದರೆ ಮೂರನೆಯ ಅಂಕ ನಿಶ್ಚಿತ: ಸ್ಟ್ಯಾಕಿನಲ್ಲಿ ತುದಿಯ ಗುರುತನ್ನು ಸರಿಸಿದರೆ ಜಾಗ ಸಿಕ್ಕಿತು, ಹೀಪಿನಲ್ಲಿ ತಕ್ಕ ಖಾಲಿ ಜಾಗವನ್ನು ಹುಡುಕಬೇಕು. ಭಾಷೆಯ ಹೆಸರನ್ನು ಬರೆಯುವುದನ್ನೂ ಮರೆಯಬಾರದು. ಜಾವಾ, ಪೈಥಾನ್‌ಗಳಲ್ಲಿ ಯಾರ ಕೈಯಲ್ಲೂ ಟೋಕನ್ ಇಲ್ಲದ ಗೂಡುಗಳನ್ನು ಖಾಲಿ ಮಾಡಲು ಬೇರೆ ವ್ಯವಸ್ಥೆಯೇ ಇದೆ. ಅಲ್ಲಿ "ಪ್ರೋಗ್ರಾಮರನೇ ಬಿಡಿಸಬೇಕು" ಎಂದು ಬರೆದರೆ ತಪ್ಪಾಗುತ್ತದೆ.

ಕಾಫಿ ಕುಡಿದು ಹೊರಡುವ ಮುನ್ನ ಹುಡುಗಿ ತನ್ನ ಪುಸ್ತಕದಲ್ಲಿ ಎರಡೂ ಉತ್ತರಗಳನ್ನು ಹೊಸದಾಗಿ ಬರೆದಳು. ಮೊದಲನೆಯದು ಮೂರು ಸಾಲು, ಎರಡನೆಯದು ಐದು. ಮರದ ಚಿತ್ರದ ಜಾಗದಲ್ಲಿ ಎರಡು ಚೌಕ, ಒಂದರಿಂದ ಇನ್ನೊಂದಕ್ಕೆ ಬಾಣ.

1998ರ ಆ ಹುಡುಗ ಈಗ ಯಾವ ಊರಿನಲ್ಲಿದ್ದಾನೋ ನಾನರಿಯೆ. ಅವನ ಗೆಳೆಯರು ಕೆಲವರು ಈ ಪುಟವನ್ನು ಓದುವವರಿದ್ದೀರಿ. ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ಅಂದು ಕೇಳಿದ ಪ್ರಶ್ನೆಗೆ ಮೇಷ್ಟ್ರ ಉತ್ತರ ಬಂದಿದೆ ಎಂದು ಅವನಿಗೆ ದಯವಿಟ್ಟು ತಿಳಿಸಿ: ಅದು ತಪ್ಪಾಗಿರಲಿಲ್ಲಪ್ಪ, ಎರಡಕ್ಕೆ ಎರಡು.