ಅರ್ಧ ಇಂಚಿನ ವಿಮೆ

ವಿದ್ಯಾರಣ್ಯಪುರ ದಾಟಿ ಸಿಂಗಾಪುರಕ್ಕೆ ಬರುವವರಿಗೆ ವಿಮಾನ ಬೇಕಿಲ್ಲ, ಪಾಸ್‌ಪೋರ್ಟೂ ಬೇಕಿಲ್ಲ. ಅಲ್ಲೊಂದು ಅಡ್ಡರಸ್ತೆಯಲ್ಲಿ ಟೈಲರ್ ಒಬ್ಬರಿದ್ದಾರೆ. ಅವರು ಬಾಯಿಂದ ಹೇಳಿದ ಅಳತೆಯನ್ನು ನಂಬುವವರಲ್ಲ. ಹಳೆಯ ಅಳತೆ ಬ್ಲೌಸು ಕೈಗೆ ಬಂದರೇ ಕತ್ತರಿ ಎತ್ತುವುದು. ಡಿಗ್ರಿ ಮುಗಿಸಿದ ಮಗಳು ಅಪ್ಪನ ಬ್ಲೌಸುಗಳನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ ಮೇಲೆ ಈ ನೇಮಕ್ಕೆ ಭಂಗ ಬಂತು. ದೂರದೂರಿನಿಂದ ಬ್ಲೌಸು ಬರಲಿಲ್ಲ, ಬರೀ ಅಂಕಿ ಬಂದವು.

ದಾವಣಗೆರೆಯಿಂದ ಬಂದದ್ದು ‘ಎದೆ 32’. ರೇಷ್ಮೆ ಬ್ಲೌಸು ಕೊರಿಯರಿನಲ್ಲಿ ಹೋಯಿತು. ಮೂರನೇ ದಿನ ಫೋನು.

“ಏನಮ್ಮಾ ಹೊಲಿದಿದ್ದೀರಿ? ಹುಕ್ಕೇ ಹಾಕೋಕಾಗ್ತಿಲ್ಲ. ನಾಳಿದ್ದು ಮದುವೆ. ದುಡ್ಡು ವಾಪಸ್ ಹಾಕಿ, ಇಲ್ಲಾಂದ್ರೆ ನಿಮ್ಮ ಪೇಜಿನ ಹೆಸರು ಎಲ್ಲಾ ಗ್ರೂಪಿಗೂ ಹಾಕ್ತೀನಿ.”

(ಟೈಲರುಗಳ ಪಾಲಿಗೆ ಮದುವೆ ಯಾವಾಗಲೂ ನಾಳಿದ್ದೇ ಇರುತ್ತದೆ.)

ಹುಡುಗಿಗೆ ಅಳು, ಅದರ ಹಿಂದೆಯೇ ಸಿಟ್ಟು. “ನೀವೇ ತಾನೇ 32 ಅಂತ ಬರೆದಿದ್ದು” ಎಂದು ಟೈಪು ಮಾಡುತ್ತಿದ್ದಳು. ಅಪ್ಪ ಮಷಿನ್ ನಿಲ್ಲಿಸಿ, “ಅದು ಕಳಿಸ್ಬೇಡ. ಅಳತೆ ಹೇಗೆ ತಗೊಂಡ್ರು ಕೇಳು” ಎಂದರು.

ದಾವಣಗೆರೆಯ ಗಿರಾಕಿ ಹಳೆಯ ಬ್ಲೌಸನ್ನು ಹುಕ್ಕು ಹಾಕಿ, ಬೋರಲು ಹಾಸಿ, ಕಂಕುಳಿನಿಂದ ಕಂಕುಳಿಗೆ ಬೆನ್ನಿನ ಮೇಲೆ ಟೇಪು ಹಿಡಿದಿದ್ದರು. 16 ಬಂತು, ಎರಡರಿಂದ ಗುಣಿಸಿದರು. ಬ್ಲೌಸಿನ ಮುಂಭಾಗ ಬೆನ್ನಿಗಿಂತ ಅಗಲವಿರುತ್ತದೆ. ಎದೆಯ ಉಬ್ಬಿಗೆಂದು ಡಾರ್ಟು ಹಿಡಿದು ಅಲ್ಲಿ ಬಟ್ಟೆ ಹೆಚ್ಚು ಕೊಟ್ಟಿರುತ್ತಾರೆ. ಆಕೆಯ ಬ್ಲೌಸಿನಲ್ಲಿ ಮುಂದಿನದು 18 ಇತ್ತು. 16, 18 ಕೂಡಿದರೆ 34. ಕಡಿಮೆಯಾದದ್ದು ಆ ಎರಡು ಇಂಚು.

ಅಪ್ಪ ತಾವೇ ಫೋನು ತೆಗೆದುಕೊಂಡರು. “ಅಮ್ಮಾ, ಬ್ಲೌಸು ಒಳಮಗ್ಗಲು ಮಾಡಿ. ಪಕ್ಕದಲ್ಲಿ ಎರಡು ಸಾಲು ಹೊಲಿಗೆ ಕಾಣುತ್ತಾ? ಮೈಗೆ ಹತ್ತಿರ ಇರೋ ಸಾಲನ್ನ ಮಾತ್ರ ಬ್ಲೇಡಲ್ಲಿ ಬಿಚ್ಚಿ, ತೋಳಿನವರೆಗೂ. ಅಂಚಿನ ಸಾಲು ಮುಟ್ಟಬೇಡಿ.”

ಎರಡು ಸಾಲಿನ ನಡುವೆ ಅರ್ಧ ಇಂಚು. ಒಂದೊಂದು ಪಕ್ಕದಲ್ಲಿ ಮುಂದಿನ ಬಟ್ಟೆ, ಹಿಂದಿನ ಬಟ್ಟೆ ಎರಡೂ ಸಡಿಲವಾಗುವುದರಿಂದ ಒಂದು ಇಂಚು ಸಿಗುತ್ತದೆ. ಎರಡು ಪಕ್ಕ ಸೇರಿ ಎರಡು ಇಂಚು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಅಪ್ಪನ ಕೈಯಲ್ಲೂ ಏನೂ ಇರಲಿಲ್ಲ. ರೇಷ್ಮೆಯಲ್ಲಿ ಸೂಜಿಯ ಹಳೆಯ ತೂತುಗಳು ಮಾಯುವುದಿಲ್ಲ, ಅದನ್ನೂ ಅವರು ಮುಚ್ಚಿಡಲಿಲ್ಲ. “ಕಂಕುಳ ಕೆಳಗೆ, ಕೈ ಇಳಿಸಿದ್ರೆ ಕಾಣಲ್ಲ” ಎಂದರು.

ಸಂಜೆ ಹೊತ್ತಿಗೆ ಬಂದದ್ದು ಒಂದೇ ಪದ: “ಹಿಡೀತು.” ಥ್ಯಾಂಕ್ಸ್ ಇಲ್ಲ, ಕ್ಷಮೆಯಂತೂ ಇಲ್ಲವೇ ಇಲ್ಲ. ದುಡ್ಡಿನ ಮಾತೂ ನಿಂತಿತು. ನನ್ನ ಎಣಿಕೆಯಲ್ಲಿ ಸಿಟ್ಟಾದ ಗಿರಾಕಿ ಕೊಡುವ ಅತ್ಯುತ್ತಮ ಸರ್ಟಿಫಿಕೇಟು ಅದೇ.

ಮಗಳು ಈಗ ಅಂಕಿ ಒಂದನ್ನೇ ನೆಚ್ಚಿ ಆರ್ಡರು ಹಿಡಿಯುವುದಿಲ್ಲ. ನೀವೂ ದೂರದಿಂದ ಬ್ಲೌಸು ಹೊಲಿಸುವುದಾದರೆ ಅಳತೆ ಬ್ಲೌಸನ್ನೇ ಕೊರಿಯರು ಮಾಡಿ. ಆಗದಿದ್ದರೆ ಮುಂದಿನದು ಬೇರೆ, ಬೆನ್ನಿನದು ಬೇರೆ ಅಳೆದು ಬರೆಯಿರಿ. ಎರಡರಿಂದ ಗುಣಿಸಬೇಡಿ.