ಏಪ್ರಿಲ್‌ನಲ್ಲಿ ಮಾತು, ಜನವರಿಯಲ್ಲಿ ಕಾಗದ

ಮೊನ್ನೆ ಸೋಮವಾರ ನಮ್ಮ ಆಫೀಸಿನ ಹುಡುಗನೊಬ್ಬ ನನ್ನ ಟೇಬಲ್ ಹತ್ರ ಬಂದು ನಿಂತ. "ಅಣ್ಣಾ, ಮೇಲ್ ಬಂದಿದೆ. ಓಲ್ಡಾ, ನ್ಯೂವಾ? ಈ ಸಲ ನಿಮ್ಮನ್ನ ಕೇಳ್ದೆ ಟಿಕ್ ಹಾಕಲ್ಲ" ಅಂದ.

ಇಬ್ಬರೂ ನಕ್ಕೆವು. ಆದರೆ ಎರಡು ವರ್ಷದ ಹಿಂದೆ ಇದೇ ಟೇಬಲ್ ಮುಂದೆ ಇವನು ಸಂಬಳದ ಚೀಟಿ ಹಿಡಿದು ನಿಂತಿದ್ದಾಗ ನಗು ಇರಲಿಲ್ಲ. ಅವನ ಫೈಲಿನ ಮೇಲೆ 'ರಿಜೆಕ್ಟೆಡ್' ಅಂತ ಬರೆದಿದ್ದು ನನ್ನದೇ ಕೈ. ಇದು ಏಪ್ರಿಲ್ ತಿಂಗಳು. ನಮ್ಮ ಎಷ್ಟೋ ಹುಡುಗ ಹುಡುಗಿಯರಿಗೆ ಇದೇ ಮೇಲ್ ಬಂದಿರುತ್ತೆ. ಅದಕ್ಕೇ ಆ ಕಥೆಯನ್ನ ಲೆಕ್ಕದ ಸಮೇತ ಬರೀತಿದ್ದೀನಿ.

ಮೊದಲು ಪದ್ಧತಿ ಹೇಳ್ತೀನಿ. ಸಂಬಳದ ಮೇಲಿನ ತೆರಿಗೆಯನ್ನು ತಿಂಗಳು ತಿಂಗಳು ಹಿಡಿಯೋದು ಕಂಪನಿಯ ಕೆಲಸ. ವರ್ಷದ ಒಟ್ಟು ತೆರಿಗೆ ಎಷ್ಟಾಗುತ್ತೆ ಅಂತ ಅದು ಮೊದಲೇ ಅಂದಾಜು ಮಾಡಬೇಕು. ಹಾಗಾಗಿ ಏಪ್ರಿಲ್‌ನಲ್ಲಿ "ಈ ವರ್ಷ ಏನೇನು ಉಳಿತಾಯ ಮಾಡ್ತೀಯಾ, ಬಾಡಿಗೆ ಎಷ್ಟು ಕಟ್ತೀಯಾ" ಅಂತ ಕೇಳ್ತಾರೆ. ಆಗ ಯಾವ ಕಾಗದವನ್ನೂ ಕೇಳಲ್ಲ. ನೀವು ಬರೆದಿದ್ದನ್ನೇ ನಂಬಿ ಡಿಸೆಂಬರ್‌ವರೆಗೆ ಕಡಿಮೆ ಹಿಡೀತಾರೆ. ಜನವರಿ ಬಂದಾಗ ಪುರಾವೆ ಕೊಡಿ ಅಂತಾರೆ. ನಮ್ಮಲ್ಲಿ ಅದಕ್ಕೆ 15ನೇ ತಾರೀಕು ಕೊನೆ. ಪುರಾವೆ ಇಲ್ಲದ್ದನ್ನೆಲ್ಲ ತೆಗೆದುಹಾಕಿ, ಇಡೀ ವರ್ಷದ ಬಾಕಿಯನ್ನು ಫೆಬ್ರವರಿ ಮತ್ತು ಮಾರ್ಚ್ ಸಂಬಳದಲ್ಲೇ ಮುರ್ಕೋತಾರೆ.

ಈ ಹುಡುಗ ಚಾಮರಾಜನಗರದ ಕಡೆಯವನು, ಡಿಪ್ಲೊಮಾ ಮಾಡಿದವನು. ಅವರ ಕೇರಿಯ ಆ ಬೀದಿಯಲ್ಲಿ ತಿಂಗಳ ಸಂಬಳ ಕಂಡ ಮೊದಲ ಮನೆ ಇವನದು. 2022-23ರಲ್ಲಿ ಅವನ ವರ್ಷದ ಸಂಬಳ 6,90,000 ರೂಪಾಯಿ. ಆಗ ಎಲ್ಲರೂ ಹಳೇ ಪದ್ಧತಿಯಲ್ಲೇ ಇದ್ದೆವು. ಏಪ್ರಿಲ್ ಫಾರಂನಲ್ಲಿ ಅವನು ಮೂರು ಬಾಬ್ತು ಬರೆದಿದ್ದ: ತಿಂಗಳಿಗೆ 8,000 ಬಾಡಿಗೆ, ಅವ್ವನ ಹೆಸರಿನ ಎಲ್‌ಐಸಿಗೆ ವರ್ಷಕ್ಕೆ 24,000, ತಂಗಿಯ ಕಾಲೇಜು ಫೀಸು 30,000. ಕಂಪ್ಯೂಟರಿಗೆ ಹಾಕಿದವನು ನಾನೇ. ತೆರಿಗೆ ಸೊನ್ನೆ ಅಂತ ತೋರಿಸಿತು. ಅವನೂ ನಿಶ್ಚಿಂತೆಯಿಂದ ಇದ್ದ, ನಾನೂ ಇದ್ದೆ.

ಜನವರಿಯಲ್ಲಿ ಕಾಗದ ನೋಡೋಕೆ ಕೂತಾಗ ಮೂರೂ ಬಿದ್ದುಹೋದವು.

ಒಂದೊಂದಾಗಿ ಹೇಳ್ತೀನಿ. ಆಗಿನ 80ಸಿ ಅನ್ನೋ ಸೆಕ್ಷನ್‌ನಲ್ಲಿ ಎಲ್‌ಐಸಿ ಕಂತು ಲೆಕ್ಕಕ್ಕೆ ಬರಬೇಕಾದ್ರೆ ಪಾಲಿಸಿ ನಿಮ್ಮ ಹೆಸರಲ್ಲಿ, ಗಂಡ ಇಲ್ಲವೇ ಹೆಂಡತಿಯ ಹೆಸರಲ್ಲಿ, ಇಲ್ಲಾ ಮಕ್ಕಳ ಹೆಸರಲ್ಲಿ ಇರಬೇಕು. ಹೆತ್ತವ್ವನ ಹೆಸರಲ್ಲಿದ್ರೆ ಬರಲ್ಲ, ದುಡ್ಡು ನಿಮ್ಮ ಖಾತೆಯಿಂದಲೇ ಹೋಗಿದ್ರೂ ಬರಲ್ಲ. ಫೀಸೂ ಹಾಗೇ. ಸ್ವಂತ ಮಕ್ಕಳಲ್ಲಿ ಇಬ್ಬರ ಟ್ಯೂಷನ್ ಫೀಸಿಗೆ ಮಾತ್ರ ಅವಕಾಶ. ತಂಗಿ, ತಮ್ಮ, ಅಕ್ಕನ ಮಕ್ಕಳು ಯಾರೂ ಆ ಲೆಕ್ಕದಲ್ಲಿ ಇಲ್ಲ.

ಈ ಸೆಕ್ಷನ್ನಿನ ಕಣ್ಣಿಗೆ ಕುಟುಂಬ ಅಂದ್ರೆ ಗಂಡ, ಹೆಂಡತಿ, ಮಕ್ಕಳು. ನಮ್ಮಲ್ಲಿ ಒಬ್ಬ ಸಂಬಳಗಾರ ಅಂದ್ರೆ ಎಂಟು ಜನರ ಅನ್ನ. ಅಪ್ಪ ಅವ್ವಂಗೆ ಪಿಂಚಣಿ ಇರೋ ಮನೆಯ ಹುಡುಗ ಅದೇ 54,000ವನ್ನ ತನ್ನ ಹೆಸರಿನ ಪಿಪಿಎಫ್‌ಗೆ ಹಾಕಿ ತೆರಿಗೆ ಉಳಿಸ್ಕೋತಾನೆ. ನಮ್ಮ ಹುಡುಗ ಅಷ್ಟೇ ದುಡ್ಡು ಖರ್ಚು ಮಾಡಿ ಏನನ್ನೂ ಉಳಿಸಿಲ್ಲ ಅನ್ನಿಸ್ಕೊಂಡ.

ಬಾಡಿಗೆಯದ್ದು ಇನ್ನೊಂದು ಥರ. ದುಡ್ಡು ಪ್ರತಿ ತಿಂಗಳೂ ಫೋನಿನಿಂದ ಮಾಲೀಕರ ಖಾತೆಗೆ ಹೋಗಿತ್ತು. ರಸೀದಿ ಮಾತ್ರ ಇರಲಿಲ್ಲ. ಯಾಕಪ್ಪಾ ಕೇಳ್ಲಿಲ್ಲ ಅಂದೆ. ತಲೆ ತಗ್ಗಿಸಿ ಹೇಳ್ದ: "ಆ ಮನೆ ಸಿಗೋಕೆ ಮೂರು ತಿಂಗಳು ಅಲೆದಿದ್ದೀನಿ ಅಣ್ಣಾ. ಹೋದ ಕಡೆಯೆಲ್ಲ 'ನೀವು ಯಾವ ಜನ' ಅಂತ ಕೇಳೋರು. ಇವರು ಕೇಳ್ಲಿಲ್ಲ. ಈಗ ರಸೀದಿ, ಸಹಿ ಅಂತ ಹೋದ್ರೆ ಬೇಡ, ಖಾಲಿ ಮಾಡು ಅಂದ್ರೆ?"

ಅದೇ ವಾರ ಇನ್ನೊಬ್ಬರ ಫೈಲ್ ನನ್ನ ಕೈಯಲ್ಲಿತ್ತು. ಅವರು ಇರೋದು ಅಪ್ಪನ ಸ್ವಂತ ಮನೆಯಲ್ಲಿ. ಅಪ್ಪನಿಗೆ ಬಾಡಿಗೆ ಕೊಟ್ಟಂತೆ ಹನ್ನೆರಡು ರಸೀದಿ, ಹನ್ನೆರಡರ ಮೇಲೂ ರೆವಿನ್ಯೂ ಸ್ಟಾಂಪು. ದುಡ್ಡು ನಿಜವಾಗಿ ಕೊಟ್ಟು, ಅಪ್ಪ ಅದನ್ನ ತನ್ನ ಆದಾಯದಲ್ಲಿ ತೋರಿಸಿದ್ರೆ ಕಾನೂನು ಒಪ್ಪುತ್ತೆ. ನಾನೂ ಎರಡೇ ನಿಮಿಷದಲ್ಲಿ ಪಾಸ್ ಮಾಡಿದೆ. ತಿಂಗಳು ತಿಂಗಳು ಬೇರೆಯವರ ಮನೆಗೆ ಬಾಡಿಗೆ ಕಟ್ಟಿದವನ ಫೈಲ್ ಪಕ್ಕಕ್ಕೆ ಬಿತ್ತು. ಇದು ನನ್ನನ್ನ ಬಹಳ ದಿನ ಕಾಡಿತು.

ಈಗ ಪೆಟ್ಟು ಎಷ್ಟು ನೋಡಿ. 6,90,000ದಲ್ಲಿ ಎಲ್ಲರಿಗೂ ಸಿಗೋ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, ವೃತ್ತಿ ತೆರಿಗೆ 2,400, ಅವನ ಪಿಎಫ್ 36,000 ಕಳೆದರೆ ಉಳಿಯೋದು 6,01,600. ಅದಕ್ಕೆ ತೆರಿಗೆ ಸೆಸ್ ಸೇರಿ 34,133. ಹತ್ತು ತಿಂಗಳು ಒಂದು ಪೈಸೆ ಹಿಡಿದಿರಲಿಲ್ಲ. ಹಾಗಾಗಿ ಫೆಬ್ರವರಿಯಲ್ಲಿ 17 ಸಾವಿರ, ಮಾರ್ಚ್‌ನಲ್ಲಿ 17 ಸಾವಿರ. ಕೈಗೆ 54 ಸಾವಿರ ಬರೋನಿಗೆ 37 ಸಾವಿರ ಬಂತು. ಊರಿಗೆ ಕಳಿಸೋ 15 ಸಾವಿರದಲ್ಲಿ ಆ ತಿಂಗಳು 5 ಸಾವಿರ ಮಾತ್ರ ಹೋಯ್ತು.

ಮೇಲಿನವರ ಹತ್ರ ಹೋಗಿ ಕೇಳಿದೆ. ಪೋರ್ಟಲ್ ಮುಚ್ಚಿದೆ, ಏನೂ ಮಾಡಕ್ಕಾಗಲ್ಲ ಅಂದ್ರು. ಅಲ್ಲಿಗೆ ಮುಗೀತು ಅಂತ ಅವನು ಅಂದ್ಕೊಂಡ. ಮುಗಿದಿರಲಿಲ್ಲ. ನೀವು ನೆನಪಿಟ್ಕೋಬೇಕಾದ್ದು ಇದೇ: ಜನವರಿ 15 ಕಂಪನಿಯ ಗಡುವು. ಕಾನೂನಿನ ಗಡುವು ಮಾರ್ಚ್ 31. ಆ ದಿನದೊಳಗೆ ನಿಜವಾಗಿ ಕಟ್ಟಿದ್ದು, ಖರ್ಚು ಮಾಡಿದ್ದು ಏನಿದ್ದರೂ ಜುಲೈನಲ್ಲಿ ರಿಟರ್ನ್ ಸಲ್ಲಿಸುವಾಗ ನೀವೇ ಕೇಳ್ಕೋಬಹುದು. ಕಂಪನಿ ಒಪ್ಪಲಿಲ್ಲ ಅನ್ನೋದು ಅದಕ್ಕೆ ಅಡ್ಡಿ ಅಲ್ಲ.

ಒಂದು ಭಾನುವಾರ ಅವನ ರೂಮಿಗೆ ಹೋಗಿ ಇದ್ದ ಕಾಗದವನ್ನೆಲ್ಲ ಚಾಪೆ ಮೇಲೆ ಹರಡಿ ಕೂತೆವು. ಬಾಡಿಗೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು, ಕರಾರು ಪತ್ರದ ಜೆರಾಕ್ಸ್ ಇತ್ತು. ವರ್ಷಕ್ಕೆ 96,000, ಅಂದ್ರೆ ಒಂದು ಲಕ್ಷ ದಾಟಿಲ್ಲ. ದಾಟಿದ್ರೆ ಮಾತ್ರ ಮಾಲೀಕರ ಪ್ಯಾನ್ ನಂಬರ್ ಬೇಕು. ಮೂಲ ವೇತನ 3 ಲಕ್ಷದ ಶೇ. 10, ಅಂದ್ರೆ 30,000 ಕಳೆದು, 66,000ಕ್ಕೆ ವಿನಾಯಿತಿ ಸಿಗುತ್ತೆ. ಆದಾಯ 5,35,600ಕ್ಕೆ ಇಳಿಯಿತು.

ಕಾಗದಗಳ ಮಧ್ಯೆ ಒಂದು ಆಸ್ಪತ್ರೆ ಬಿಲ್ ಸಿಕ್ತು. ಅವ್ವನ ಕಣ್ಣಿನ ಪೊರೆ ಆಪರೇಷನ್, 22,000. ಅವ್ವಂಗೆ 62 ವರ್ಷ, ಆರೋಗ್ಯ ವಿಮೆ ಇಲ್ಲ, ದುಡ್ಡು ಕಟ್ಟಿದ್ದು ಇವನ ಫೋನಿಂದ. ನಾನು ಎದ್ದು ಕೂತೆ. 80ಸಿ ಒಪ್ಪದ ಅವ್ವನನ್ನ ಆಗಿನ 80ಡಿ ಒಪ್ಪುತ್ತಿತ್ತು. 60 ದಾಟಿದ, ವಿಮೆ ಇಲ್ಲದ ತಂದೆತಾಯಿಗೆ ಮಾಡಿದ ವೈದ್ಯಕೀಯ ಖರ್ಚಿಗೆ 50,000ದವರೆಗೆ ವಿನಾಯಿತಿ ಇದೆ. ನಗದು ಕೊಟ್ಟಿರಬಾರದು, ಅಷ್ಟೇ. "ಇದನ್ನ ಯಾಕೆ ಕೊಡ್ಲಿಲ್ಲ?" ಅಂದೆ. "ಅದು ಉಳಿತಾಯ ಅಲ್ವಲ್ಲಣ್ಣಾ, ಖರ್ಚು" ಅಂದ.

ಅಲ್ಲಿಗೆ 5,13,600. ಹಳೇ ಪದ್ಧತಿಯಲ್ಲಿ 5 ಲಕ್ಷ ಅನ್ನೋದು ಒಂದು ಪ್ರಪಾತ. 5 ಲಕ್ಷದವರೆಗೆ ತೆರಿಗೆ ಪೂರ್ತಿ ಮಾಫಿ. ಒಂದು ಸಾವಿರ ದಾಟಿದ್ರೂ ಮಾಫಿ ಪೂರ್ತಿ ಹೋಗಿ ಹದಿಮೂರು ಸಾವಿರ ಕಟ್ಟಬೇಕು. ಇವನು ದಾಟಿದ್ದು 13,600, ಅದಕ್ಕೆ ಬೀಳೋ ತೆರಿಗೆ 15,829. ಅಂದ್ರೆ 13,600 ರೂಪಾಯಿಯನ್ನ ತನ್ನ ಹೆಸರಲ್ಲೇ ಇಟ್ಟರೆ ಅದಕ್ಕಿಂತ ಹೆಚ್ಚು ತೆರಿಗೆ ಉಳಿಯುತ್ತೆ. ಮಾರ್ಚ್ ಮೂರನೇ ವಾರ ಪೋಸ್ಟಾಫೀಸಿಗೆ ಹೋಗಿ ಪಿಪಿಎಫ್ ಖಾತೆ ತೆಗೆಸಿದ. 14,000 ಕಟ್ಟಿದ. ಅದರಲ್ಲಿ ಅರ್ಧ ನಾನು ಕೈಗಡ ಕೊಟ್ಟೆ.

ಜುಲೈನಲ್ಲಿ ರಿಟರ್ನ್ ಹಾಕಿದೆವು. ಎಲ್‌ಐಸಿ, ತಂಗಿ ಫೀಸು ಎರಡನ್ನೂ ಕೈಬಿಟ್ಟೆವು, ಅವು ನಮಗೆ ಸಲ್ಲೋದಲ್ಲ. "ಒಂದು ರಸೀದಿ ಪುಸ್ತಕ ತಗೊಂಡು ಬರೆದ್ಬಿಡಿ" ಅಂತ ಸಲಹೆ ಕೊಟ್ಟವರೂ ಇದ್ರು. ಬೇಡ ಅಂದೆ. ಸುಳ್ಳು ಕಾಗದ ಸಿಕ್ಕಿಬಿದ್ದರೆ ತೆರಿಗೆ ಜೊತೆ ದಂಡ, ಮೇಲೆ ಕೆಲಸಕ್ಕೂ ಕುತ್ತು. ನಿಜವಾದ್ದೇ ಸಾಕಷ್ಟಿತ್ತು. ಆದಾಯ 4,99,600, ತೆರಿಗೆ ಸೊನ್ನೆ. ಹಿಡಿದಿದ್ದ ದುಡ್ಡು ಆಗಸ್ಟ್‌ನಲ್ಲಿ ಅವನ ಖಾತೆಗೆ ವಾಪಸ್ ಬಂತು. ಫಾರಂ 16ಕ್ಕೂ ರಿಟರ್ನ್‌ಗೂ ವ್ಯತ್ಯಾಸ ಇದ್ದಾಗ ಇಲಾಖೆ ಯಾವತ್ತಾದರೂ ಕೇಳಬಹುದು. ಅದಕ್ಕೇ ಬಿಲ್, ಸ್ಟೇಟ್‌ಮೆಂಟ್, ಕರಾರು ಪತ್ರ ಇವತ್ತಿಗೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅವನ ಪೆಟ್ಟಿಗೆಯಲ್ಲಿವೆ.

ಈಗ ಸೋಮವಾರದ ಪ್ರಶ್ನೆಗೆ ಬರ್ತೀನಿ. 2023ರ ಏಪ್ರಿಲ್‌ನಿಂದ ಹೊಸ ಪದ್ಧತಿಯೇ ಡಿಫಾಲ್ಟ್. 2025-26ರಿಂದ ಅದರಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12,75,000ದವರೆಗೆ ಸೊನ್ನೆ. ಅವನ ಸಂಬಳ ಈಗ 8,10,000. "ನ್ಯೂಗೆ ಟಿಕ್ ಹಾಕು, ಜನವರಿಯಲ್ಲಿ ಒಂದು ಚೂರು ಕಾಗದವನ್ನೂ ಕೊಡ್ಬೇಡ" ಅಂದೆ. ಹಳೇ ಅಭ್ಯಾಸದಲ್ಲಿ ಓಲ್ಡ್ ಅಂತ ಒತ್ತಿ, ಪುರಾವೆ ಸಾಲದೆ ಸುಮ್ಮನೆ ದುಡ್ಡು ಹಿಡಿಸ್ಕೊಳ್ಳೋರನ್ನ ನಾನು ಪ್ರತಿ ವರ್ಷ ನೋಡ್ತೀನಿ. ಹಾಗೆ ಒತ್ತಿದ್ರೂ ರಿಟರ್ನ್ ಹಾಕುವಾಗ ಸಂಬಳದವರು ಬದಲಾಯಿಸ್ಕೋಬಹುದು. ಆದರೆ ಅಲ್ಲಿವರೆಗೆ ದುಡ್ಡು ನಿಮ್ಮ ಕೈಯಲ್ಲಿ ಇರಲ್ಲ.

ಅದಕ್ಕಿಂತ ಹೆಚ್ಚು ಸಂಬಳ ಇರೋರು, ದೊಡ್ಡ ಬಾಡಿಗೆ ಅಥವಾ ಮನೆ ಸಾಲದ ಬಡ್ಡಿ ಕಟ್ಟೋರು ಎರಡೂ ಲೆಕ್ಕ ಹಾಕಿ ನೋಡಿ. ಓಲ್ಡ್ ಅಂತ ಒತ್ತೋದಾದ್ರೆ ಬಾಡಿಗೆ ರಸೀದಿಯನ್ನ ಈಗಲೇ, ಮನೆ ಮಾಡುವಾಗಲೇ ಮಾತಾಡ್ಕೊಳ್ಳಿ. ಜನವರಿಯಲ್ಲಿ ಕೇಳೋದು ಕಷ್ಟ. ಬಾಡಿಗೆ, ಆಸ್ಪತ್ರೆ ಖರ್ಚು ಯಾವುದನ್ನೂ ನಗದಾಗಿ ಕೊಡಬೇಡಿ. ಪಾಲಿಸಿ ಮಾಡಿಸೋ ಮುಂಚೆ ಯಾರ ಹೆಸರಲ್ಲಿ ಅಂತ ನೋಡಿ.

ಹುಡುಗ ಟಿಕ್ ಹಾಕಿ ಹೋದ. ಬಾಗಿಲ ಹತ್ರ ತಿರುಗಿ ಕೇಳ್ದ: "ಅಣ್ಣಾ, ತಂಗಿ ಫೀಸು ಈ ವರ್ಷ ಎಲ್ಲೂ ಬರಿಯೋದು ಬೇಡ್ವಾ?" ಬೇಡ ಅಂದೆ. ಅವಳು ಬಿ.ಎಸ್ಸಿ. ಕೊನೇ ವರ್ಷ. ಮುಂದಿನ ಏಪ್ರಿಲ್ ಹೊತ್ತಿಗೆ ಅವಳಿಗೇ ಒಂದು ಮೇಲ್ ಬರಲಿ.

ಜೈ ಭೀಮ್.